ಗುಂಡನ್ನು ಕಟ್ಟಿದವರು ಯಾರು?
ಕನ್ನಡಿಗನು ಇಂಗ್ಲಿಷಿನಲ್ಲಿ ಪ್ರಯೋಗದ ವರದಿಯನ್ನು ಬರೆಯುವ ಬಗೆ

ಕಪಿಲಾ ನದಿಯ ದಡದಲ್ಲಿರುವ ಸರಗೂರು ಹಿಂದೆ ಹೆಗ್ಗಡದೇವನಕೋಟೆಯ ತಾಲ್ಲೂಕಿಗೆ ಸೇರಿದ್ದ ಊರು. ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಆ ಕಡೆಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿಯೇ ಓದಿದವರು. ಅವರು ಭೌತವಿಜ್ಞಾನದಲ್ಲಿ ಹಿಂದುಳಿದವರಲ್ಲ. ಲೋಲಕವು ಏಕೆ ತೂಗಾಡುವುದೆಂದು ಕೇಳಿದರೆ ಚೆನ್ನಾಗಿ ಹೇಳಬಲ್ಲರು; ಗಡಿಯಾರವನ್ನು ಹಿಡಿದು ಕಾಲವನ್ನು ಸರಿಯಾಗಿ ಅಳೆಯಬಲ್ಲರು. ಆದರೆ ಪ್ರಯೋಗವು ಮುಗಿದು, ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಹೊತ್ತು ಬಂದಾಗ, ಅವರು ಮಾಡಿದ್ದೊಂದು, ಪುಸ್ತಕದಲ್ಲಿ ಮೂಡಿದ್ದು ಇನ್ನೊಂದು ಆಗುವುದುಂಟು. ಅಂತಹ ಒಂದು ವಾಕ್ಯವನ್ನೇ ಎದುರಿಗಿಟ್ಟುಕೊಂಡು, ತಪ್ಪು ಎಲ್ಲಿ ಹುಟ್ಟಿತು, ಅದನ್ನು ತಿದ್ದುವ ಬಗೆಯೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿಯೇ ಅಚ್ಚುಮಾಡಿದೆ. ವಾಚಕರು ಅವನ್ನು ಬಾಯಿಬಿಟ್ಟು ಓದಿಕೊಂಡರೆ ತಿಳಿಯುವುದು ಸುಲಭ.

ಸರಳ ಲೋಲಕದ ಪ್ರಯೋಗವನ್ನು ಎಲ್ಲರೂ ಬಲ್ಲರು. ದಾರದ ತುದಿಗೆ ಒಂದು ಹಿತ್ತಾಳೆಯ ಗುಂಡನ್ನು ಕಟ್ಟಿ ತೂಗುಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದೇ ಆ ಪ್ರಯೋಗ. ನಮ್ಮ ವಿದ್ಯಾರ್ಥಿಯೊಬ್ಬನು ಅದನ್ನು ಹೀಗೆ ಬರೆದಿದ್ದನು:

"ಟೈಯಿಂಗ್ ದಿ ಬಾಬ್ ಟು ದಿ ಥ್ರೆಡ್, ಮೆಷರಿಂಗ್ ದಿ ಲೆಂಗ್ತ್ ಬೈ ಸ್ಕೇಲ್, ಪುಲ್ಲಿಂಗ್ ಟು ಒನ್ ಸೈಡ್ ಅಂಡ್ ಲೀವಿಂಗ್, ಟ್ವೆಂಟಿ ಆಸಿಲೇಷನ್ಸ್ ಟೈಮ್ ವಾಸ್ ನೋಟೆಡ್."

ಆತನ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವನ್ನು ಊಹಿಸುವುದು ಕಷ್ಟವಲ್ಲ. "ಗುಂಡನ್ನು ದಾರಕ್ಕೆ ಕಟ್ಟಿ, ಉದ್ದವನ್ನು ಪಟ್ಟಿಯಿಂದ ಅಳೆದು, ಒಂದು ಪಕ್ಕಕ್ಕೆ ಎಳೆದು ಬಿಟ್ಟು, ಇಪ್ಪತ್ತು ಆಂದೋಲನಗಳ ಕಾಲವನ್ನು ಗುರುತಿಸಲಾಯಿತು." ಇದು ನಿರ್ದುಷ್ಟವಾದ ಕನ್ನಡ, ಯಾವ ಪಂಡಿತನೂ ಇದರಲ್ಲಿ ತಪ್ಪು ಹಿಡಿಯಲಾರನು. ಆದರೆ ಇದರ ಪದಪದಕ್ಕೂ ಒಂದೊಂದು ಇಂಗ್ಲಿಷ್ ಪದವನ್ನು ಇಟ್ಟುದರಿಂದ ಹುಟ್ಟಿದ ವಾಕ್ಯವು ಹೇಳುವುದೇನು? ಅದರ ಕರ್ತೃಪದ "ಟೈಮ್". ಆದುದರಿಂದ ಇಂಗ್ಲಿಷ್ ವ್ಯಾಕರಣದ ಪ್ರಕಾರ ಗುಂಡನ್ನು ದಾರಕ್ಕೆ ಕಟ್ಟಿದುದೂ, ಉದ್ದವನ್ನು ಅಳೆದುದೂ, ಪಕ್ಕಕ್ಕೆ ಎಳೆದುದೂ ಎಲ್ಲವೂ ಕಾಲದ ಕೆಲಸವಾಯಿತು! ಕಾಲಪುರುಷನೇ ಪ್ರಯೋಗಶಾಲೆಗೆ ಬಂದು ಗುಂಡನ್ನು ಕಟ್ಟಿಹೋದಂತಾಯಿತು.

ಕರ್ತೃವು ಎಲ್ಲಿ ಕಳೆದುಹೋಯಿತು?

ಕನ್ನಡ ವಾಕ್ಯದಲ್ಲಿಯೂ ಕರ್ತೃಪದವು ಕಾಣುವುದಿಲ್ಲವಲ್ಲ, ಅಲ್ಲಿ ಏಕೆ ತೊಡಕಾಗಲಿಲ್ಲ ಎಂದು ವಾಚಕರು ಕೇಳಬಹುದು. "ಕಾಲವನ್ನು ಗುರುತಿಸಲಾಯಿತು" ಎಂಬ ಮಾತನ್ನು ಗಮನವಿಟ್ಟು ನೋಡಿ. ಇಲ್ಲಿ "ಕಾಲವನ್ನು" ಎಂಬುದು ಇನ್ನೂ ದ್ವಿತೀಯಾ ವಿಭಕ್ತಿಯಲ್ಲಿಯೇ ಇದೆ. ಅದು ಕರ್ಮವಾಗಿಯೇ ಉಳಿದಿದೆ. ಮಾಡಿದವನ ಹೆಸರನ್ನು ಮುಚ್ಚಿದ್ದರೂ ಅವನ ಸ್ಥಾನವನ್ನು ಬೇರೆ ಯಾರೂ ಆಕ್ರಮಿಸಿಲ್ಲ. ಕಟ್ಟಿ, ಅಳೆದು, ಎಳೆದು, ಬಿಟ್ಟು ಎಂಬ ಕೃದಂತಾವ್ಯಯಗಳೆಲ್ಲ ಆ ಮರೆಯಲ್ಲಿರುವ ಕರ್ತೃವನ್ನೇ ನಂಬಿ ಸಾಲಾಗಿ ನಿಂತಿವೆ.

ಇಂಗ್ಲಿಷಿನ ಕರ್ಮಣಿ ಪ್ರಯೋಗದ ರೀತಿಯೇ ಬೇರೆ. "ದಿ ಟೈಮ್ ವಾಸ್ ನೋಟೆಡ್" ಎಂದೊಡನೆ ಕರ್ಮವಾಗಿದ್ದ ಕಾಲವು ಎದ್ದುಬಂದು ಕರ್ತೃವಿನ ಪೀಠದ ಮೇಲೆ ಕುಳಿತುಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಪೀಠವು ಎಂದೂ ಬರಿದಾಗಿರಲಾರದು. ಹಿಂದೆ ಬಂದ "ಟೈಯಿಂಗ್", "ಮೆಷರಿಂಗ್" ಮುಂತಾದ ಪದಗಳು ಪೀಠದ ಮೇಲೆ ಯಾರಿದ್ದಾರೋ ಅವರ ಕೈಗೆ ಹೋಗಿ ಸೇರುತ್ತವೆ. "ಗುರುತಿಸಲಾಯಿತು" ಎಂಬುದಕ್ಕೆ "ವಾಸ್ ನೋಟೆಡ್" ಎಂಬುದು ಸರಿಯಾದ ಸಮಾನಪದವೆಂದು ನಿಘಂಟು ಹೇಳಬಹುದು. ವಾಕ್ಯದ ಒಳಗಿನ ಬಲಗಳನ್ನು ನೋಡಿದರೆ ಅವೆರಡೂ ಸಮಾನವಲ್ಲ.

ಈ ದೋಷಕ್ಕೆ ಮದ್ದು ಸರಳವಾದದ್ದು. ಬರೆಯುವ ಮುನ್ನ "ಯಾರು ಮಾಡಿದರು?" ಎಂದು ಕೇಳಿಕೊಂಡು, ಉತ್ತರವನ್ನು ವಾಕ್ಯದ ಮೊದಲಲ್ಲಿ ಇಡಬೇಕು. "ವೀ ಟೈಡ್ ಎ ಬಾಬ್ ಟು ಎ ಥ್ರೆಡ್" ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಪ್ರಯೋಗದ ವರದಿಯಲ್ಲಿ "ವೀ" ಬರಕೂಡದೆಂದು ನಿಮ್ಮ ಅಧ್ಯಾಪಕರು ವಿಧಿಸಿದ್ದರೆ ಕರ್ಮಣಿಯಲ್ಲಿಯೇ ಬರೆಯಬಹುದು. ಆಗ ಪ್ರತಿಯೊಂದು ಕೆಲಸಕ್ಕೂ ಅದರದೇ ಪೂರ್ಣ ಕ್ರಿಯಾಪದ ಬೇಕು. "ದಿ ಬಾಬ್ ವಾಸ್ ಟೈಡ್ ಟು ಎ ಥ್ರೆಡ್" ಎಂಬುದು ಒಂದು ವಾಕ್ಯ. "ದಿ ಟೈಮ್ ಫಾರ್ ಟ್ವೆಂಟಿ ಆಸಿಲೇಷನ್ಸ್ ವಾಸ್ ನೋಟೆಡ್" ಎಂಬುದು ಇನ್ನೊಂದು. ಕಟ್ಟಲ್ಪಟ್ಟದ್ದು ಗುಂಡು, ಗುರುತಿಸಲ್ಪಟ್ಟದ್ದು ಕಾಲ. ಇವೆರಡನ್ನೂ ಒಂದೇ ಪೀಠದ ಮೇಲೆ ಕೂರಿಸಲು ಹೋಗಬಾರದು.

"ಅಳೆದು" ಎಂಬುದರಲ್ಲಿ ಅಡಗಿರುವ ಪ್ರಶ್ನೆ

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಕನ್ನಡದಲ್ಲಿ "ಕಟ್ಟಿ" ಎಂಬುದಕ್ಕೂ "ಕಟ್ಟುತ್ತ" ಎಂಬುದಕ್ಕೂ ಇರುವ ಭೇದವು ಮಕ್ಕಳಿಗೂ ಗೊತ್ತು. "ಊಟ ಮಾಡಿ ಓದಿದನು" ಎಂದರೆ ಊಟ ಮೊದಲು, ಓದು ಆಮೇಲೆ. "ಊಟ ಮಾಡುತ್ತ ಓದಿದನು" ಎಂದರೆ ಎರಡೂ ಒಟ್ಟಿಗೆ. ಇಂಗ್ಲಿಷಿನ "ಟೈಯಿಂಗ್" ಎಂಬ ರೂಪವು ಹೆಚ್ಚಾಗಿ ನಮ್ಮ "ಕಟ್ಟುತ್ತ" ಎಂಬುದಕ್ಕೆ ಹತ್ತಿರ. ವಿದ್ಯಾರ್ಥಿಯು "ಕಟ್ಟಿ" ಎಂದು ನೆನೆದು "ಟೈಯಿಂಗ್" ಎಂದು ಬರೆದಾಗ, ಒಂದಾದ ಮೇಲೊಂದು ನಡೆದ ಕೆಲಸಗಳು ಕಲಸಿಹೋಗುತ್ತವೆ.

ಇದು ವ್ಯಾಕರಣದ ಗೊಡವೆ ಮಾತ್ರವೇ? ಪ್ರಯೋಗವನ್ನು ನೆನೆಸಿಕೊಳ್ಳಿ. ನೂಲಿನ ದಾರವು ಗುಂಡಿನ ಭಾರಕ್ಕೆ ಸ್ವಲ್ಪ ಹಿಗ್ಗುತ್ತದೆ. ಆದುದರಿಂದ ಗುಂಡನ್ನು ತೂಗುಬಿಟ್ಟು, ಅದು ನಿಶ್ಚಲವಾದ ಮೇಲೆ, ತೂಗುಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ ಉದ್ದವನ್ನು ಅಳೆಯಬೇಕು. ಮೊದಲೇ ದಾರವನ್ನು ಮೇಜಿನ ಮೇಲೆ ಹಾಸಿ ಅಳೆದರೆ ತಪ್ಪಾಗುತ್ತದೆ. ನೂರು ಸೆಂಟಿಮೀಟರಿನಲ್ಲಿ ಅರ್ಧ ಸೆಂಟಿಮೀಟರು ತಪ್ಪಿದರೂ ವೇಗೋತ್ಕರ್ಷದ ಬೆಲೆಯಲ್ಲಿ ನೂರಕ್ಕೆ ಅರ್ಧದಷ್ಟು, ಎಂದರೆ ಸೆಕೆಂಡಿನ ವರ್ಗಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ತಪ್ಪು ಬರುವುದು. ನಮ್ಮ ವಿದ್ಯಾರ್ಥಿಯು ಸರಿಯಾಗಿಯೇ ಅಳೆದಿದ್ದನು. ಆದರೆ ಅವನ ಇಂಗ್ಲಿಷ್ ವಾಕ್ಯವನ್ನು ಓದಿದವನಿಗೆ, ಕಟ್ಟುವ ಮೊದಲು ಅಳೆದನೋ, ಕಟ್ಟಿದ ಮೇಲೆ ಅಳೆದನೋ ತಿಳಿಯುವಂತಿರಲಿಲ್ಲ. ಅವನ ಕನ್ನಡವು ಹೇಳಿದ ಕ್ರಮವನ್ನು ಅವನ ಇಂಗ್ಲಿಷು ನುಂಗಿಬಿಟ್ಟಿತ್ತು.

ಇನ್ನೂ ಒಂದು ಸಂಗತಿಯಿದೆ. ನಮ್ಮ "-ಇ", "-ದು" ಎಂಬ ಕೃದಂತಾವ್ಯಯಗಳು ಕ್ರಮವನ್ನು ಹೇಳುತ್ತವೆ. ಸಂಬಂಧವನ್ನು ಹೇಳದೆ ಕೇಳುವವನ ಊಹೆಗೆ ಬಿಡುತ್ತವೆ. "ದಾರವನ್ನು ಸುತ್ತಿ ಉದ್ದವನ್ನು ಕಡಿಮೆಮಾಡಿದೆವು" ಎಂಬಲ್ಲಿ ಸುತ್ತುವುದು ಉಪಾಯ. "ಗುಂಡು ಗೋಡೆಗೆ ತಗುಲಿ ನಿಂತಿತು" ಎಂಬಲ್ಲಿ ತಗುಲುವುದು ಕಾರಣ. "ಗುಂಡನ್ನು ಕಟ್ಟಿ ಉದ್ದವನ್ನು ಅಳೆದೆವು" ಎಂಬಲ್ಲಿ ಕಟ್ಟುವುದು ಕೇವಲ ಮೊದಲಿನ ಕೆಲಸ. ಮೂರಕ್ಕೂ ಕನ್ನಡದಲ್ಲಿ ರೂಪವೊಂದೇ. ಇಂಗ್ಲಿಷಿನಲ್ಲಿ ಬರೆಯುವವನು ಈ ಮೂರರಲ್ಲಿ ಯಾವುದೆಂಬುದನ್ನು ತಾನೇ ನಿರ್ಧರಿಸಿ ಬಾಯಿಬಿಟ್ಟು ಹೇಳಬೇಕು. ಉಪಾಯವಾದರೆ "ಬೈ ವೈಂಡಿಂಗ್", ಕಾರಣವಾದರೆ "ಬಿಕಾಸ್ ಇಟ್ ಟಚ್ಡ್", ಕ್ರಮವಾದರೆ "ಆಫ್ಟರ್ ಟೈಯಿಂಗ್" ಅಥವಾ "ವೆನ್". ನೀವು ಬರೆದ ವರದಿಯಲ್ಲಿ ವಾಕ್ಯದ ತಲೆಗೆ "-ಇಂಗ್" ಬಂದಲ್ಲೆಲ್ಲ ನಿಲ್ಲಿ. ಇದು ಆದ ಮೇಲೆಯೇ, ಇದರಿಂದಲೇ, ಇದಕ್ಕಾಗಿಯೇ, ಇದರ ಜೊತೆಗೆಯೇ ಎಂದು ಪ್ರಶ್ನಿಸಿಕೊಳ್ಳಿ. ಉತ್ತರವು ಸಿಕ್ಕೊಡನೆ ಬೇಕಾದ ಇಂಗ್ಲಿಷ್ ಪದವೂ ಸಿಕ್ಕುವುದು.

ನಮ್ಮ ವಿದ್ಯಾರ್ಥಿಯ "ಲೀವಿಂಗ್" ಎಂಬ ಪದವೂ ಇದೇ ಬಗೆಯದು. ಕನ್ನಡದ "ಬಿಡು" ಬಹು ಉದಾರವಾದ ಧಾತು. ಊರನ್ನು ಬಿಡುವುದಕ್ಕೂ, ಕೈಯಲ್ಲಿ ಹಿಡಿದದ್ದನ್ನು ಬಿಡುವುದಕ್ಕೂ, ಚಟವನ್ನು ಬಿಡುವುದಕ್ಕೂ ಅದೊಂದೇ ಸಾಕು. ಇಂಗ್ಲಿಷಿನ "ಲೀವ್" ಎಂದರೆ ಅಲ್ಲಿಯೇ ಇರಲು ಬಿಟ್ಟುಹೋಗುವುದು. ಹಿಡಿದ ಗುಂಡನ್ನು ಕೈಬಿಡುವುದಕ್ಕೆ "ರಿಲೀಸ್" ಎನ್ನಬೇಕು.

ಅಳೆದ ಪಟ್ಟಿ ಯಾವುದು?

ಇಲ್ಲಿ ನಮ್ಮದೇ ಒಂದು ಪ್ರಮಾದವನ್ನು ಹೇಳಿಕೊಳ್ಳಬೇಕು. ನಾವು ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಒಂದು ವರದಿಯಲ್ಲಿ "ದಿ ಸ್ಕೇಲ್ ವಿಚ್ ವೀ ಮೆಷರ್ಡ್ ಹ್ಯಾಡ್ ಎ ವೋರ್ನ್ ಎಂಡ್" ಎಂದು ಬರೆದಿದ್ದೆವು. "ನಾವು ಅಳೆದ ಪಟ್ಟಿಯ ತುದಿಯು ಸವೆದಿತ್ತು" ಎಂಬುದು ನಮ್ಮ ಅಭಿಪ್ರಾಯ. ವರದಿಯನ್ನು ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಒಂದು ಪ್ರಶ್ನೆಯನ್ನು ಬರೆದು ಹಿಂದಿರುಗಿಸಿದರು: "ಪಟ್ಟಿಯನ್ನು ಯಾವುದರಿಂದ ಅಳೆದಿರಿ?" ಆ ಪ್ರಶ್ನೆಯು ನಮಗೆ ಅರ್ಥವಾಗಲು ಅರ್ಧ ದಿನ ಹಿಡಿಯಿತು.

"ಅಳೆದ" ಎಂಬ ಕೃದಂತನಾಮವು ತನ್ನ ಮುಂದಿನ ನಾಮಪದವನ್ನು ವಿಶೇಷಿಸುತ್ತದೆ. ಆದರೆ ಆ ನಾಮಪದಕ್ಕೂ ಕ್ರಿಯೆಗೂ ಇರುವ ಕಾರಕ ಸಂಬಂಧವು ಯಾವುದೆಂಬುದನ್ನು ಹೇಳುವುದಿಲ್ಲ. "ಅಳೆದ ಉದ್ದ" ಎಂದರೆ ಉದ್ದವನ್ನು ಅಳೆದದ್ದು. "ಅಳೆದ ಪಟ್ಟಿ" ಎಂದರೆ ಪಟ್ಟಿಯಿಂದ ಅಳೆದದ್ದು. "ಅಳೆದ ಹುಡುಗ" ಎಂದರೆ ಹುಡುಗನು ಅಳೆದದ್ದು. "ಅಳೆದ ದಿನ" ಎಂದರೆ ಆ ದಿನದಲ್ಲಿ ಅಳೆದದ್ದು. ಒಂದೇ "ಅಳೆದ" ನಾಲ್ಕು ವಿಭಕ್ತಿಗಳ ಕೆಲಸವನ್ನು ಮಾಡುತ್ತಿದೆ. ಪಟ್ಟಿಯಿಂದ ಅಳೆಯುವುದೇ ಲೋಕದ ವಾಡಿಕೆಯಾದುದರಿಂದ ಕೇಳಿದವನಿಗೆ ಸಂದೇಹವಿಲ್ಲ.

ಇಂಗ್ಲಿಷಿನ "ವಿಚ್" ಇಷ್ಟು ಮೌನಿಯಲ್ಲ. ವಿಭಕ್ತಿಯ ಗುರುತನ್ನು ಅದರ ಜೊತೆಯಲ್ಲಿ ಕೊಡಲೇಬೇಕು. "ದಿ ಸ್ಕೇಲ್ ವಿತ್ ವಿಚ್ ವೀ ಮೆಷರ್ಡ್", "ದಿ ಡೇ ಆನ್ ವಿಚ್ ವೀ ಮೆಷರ್ಡ್", "ದಿ ಲೆಂಗ್ತ್ ವಿಚ್ ವೀ ಮೆಷರ್ಡ್" ಎಂದು ಬೇರೆ ಬೇರೆಯಾಗಿ ಬರೆಯಬೇಕು. ಗುರುತಿಲ್ಲದೆ ಬಿಟ್ಟರೆ ಅದು ಕರ್ಮವೆಂದೇ ಎಣಿಕೆಯಾಗುವುದು, ಪಟ್ಟಿಯನ್ನೇ ಅಳೆದಂತಾಗುವುದು. ಪ್ರಯೋಗಶಾಲೆಯಲ್ಲಿ ಪಟ್ಟಿಯನ್ನು ಇನ್ನೊಂದು ಪಟ್ಟಿಯೊಡನೆ ಹೋಲಿಸಿ ನೋಡುವುದೂ ಉಂಟಾದುದರಿಂದ ಇದು ನಗುವಿಗಷ್ಟೇ ಸಾಲುವ ತಪ್ಪಲ್ಲ; ಓದುವವನನ್ನು ನಿಜವಾಗಿಯೂ ದಾರಿತಪ್ಪಿಸಬಲ್ಲ ತಪ್ಪು.

ಇದನ್ನು ಪತ್ತೆಮಾಡುವ ಬಗೆ ಹೀಗೆ. ಕೃದಂತನಾಮವನ್ನು ಬಿಡಿಸಿ ಪೂರ್ಣ ವಾಕ್ಯವನ್ನಾಗಿ ಮಾಡಿಕೊಳ್ಳಬೇಕು. "ನಾವು ಪಟ್ಟಿಯಿಂದ ಅಳೆದೆವು." ಇಲ್ಲಿ ಕಾಣಿಸಿಕೊಂಡ "ಇಂದ" ಎಂಬ ಪ್ರತ್ಯಯವೇ ಇಂಗ್ಲಿಷಿನ "ವಿತ್" ಆಗಿ "ವಿಚ್" ಎಂಬುದರ ಹಿಂದೆ ಬರುತ್ತದೆ. "ಗುಂಡು ಕಟ್ಟಿದ ದಾರ" ಎಂಬುದನ್ನು ಬಿಡಿಸಿದರೆ "ದಾರಕ್ಕೆ ಗುಂಡನ್ನು ಕಟ್ಟಿದೆವು". ಆದ್ದರಿಂದ "ದಿ ಥ್ರೆಡ್ ಟು ವಿಚ್ ದಿ ಬಾಬ್ ವಾಸ್ ಟೈಡ್". ಹೀಗೆ ನಮ್ಮ ವಿಭಕ್ತಿ ಪ್ರತ್ಯಯಗಳೇ ನಮಗೆ ದಾರಿ ತೋರುತ್ತವೆ.

ಕನ್ನಡಿಯಲ್ಲಿ ಕಂಡ ವಾಕ್ಯ

"ತೂಗುಬಿಂದುವಿನಿಂದ ಗುಂಡಿನ ಕೇಂದ್ರದವರೆಗಿನ ಉದ್ದವನ್ನು ಪಟ್ಟಿಯಿಂದ ಅಳೆದೆವು." ಈ ವಾಕ್ಯವನ್ನು "ವೀ ಮೆಷರ್ಡ್ ದಿ ಲೆಂಗ್ತ್ ಫ್ರಮ್ ದಿ ಪಾಯಿಂಟ್ ಆಫ್ ಸಸ್ಪೆನ್ಷನ್ ಟು ದಿ ಸೆಂಟರ್ ಆಫ್ ದಿ ಬಾಬ್" ಎಂಬುದರೊಡನೆ ಹೋಲಿಸಿ ನೋಡಿ. ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವು ಇಂಗ್ಲಿಷಿನಲ್ಲಿ ಮೊದಲಿಗೆ ಬಂದಿದೆ. "ಉದ್ದ" ಎಂಬುದರ ಹಿಂದೆ ಇದ್ದ ವಿಶೇಷಣಗಳು "ಲೆಂಗ್ತ್" ಎಂಬುದರ ಮುಂದೆ ಹೋಗಿವೆ. "ಗುಂಡಿನ ಕೇಂದ್ರ" ಎಂಬುದು "ಸೆಂಟರ್ ಆಫ್ ದಿ ಬಾಬ್" ಎಂದು ತಿರುಗಿದೆ. ಪ್ರತ್ಯಯಗಳು ಪದದ ಕೊನೆಯಿಂದ ಮೊದಲಿಗೆ ಬಂದು "ಫ್ರಮ್", "ಟು" ಎಂದಾಗಿವೆ. ಕರ್ತೃಪದವೊಂದನ್ನು ಬಿಟ್ಟರೆ ಒಂದು ವಾಕ್ಯವು ಇನ್ನೊಂದರ ಪ್ರತಿಬಿಂಬವೆಂದರೆ ತಪ್ಪಾಗಲಾರದು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಅವರು 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ತಮಿಳು ಕವಿತೆಗಳನ್ನು ಇಂಗ್ಲಿಷಿಗೆ ತರುವಾಗ ಅವರು ಈ ಪ್ರತಿಬಿಂಬ ಗುಣವನ್ನೇ ಎತ್ತಿ ತೋರಿಸಿದ್ದಾರೆ. ಕನ್ನಡವೂ ಈ ವಿಷಯದಲ್ಲಿ ತಮಿಳಿನ ಸೋದರಿಯೇ.

ಇದರಿಂದ ಬರೆಯುವವನಿಗೆ ಸಿಕ್ಕುವ ಸೂತ್ರವೊಂದಿದೆ. ಕನ್ನಡ ವಾಕ್ಯವನ್ನು ಎಡದಿಂದ ಬಲಕ್ಕೆ ಅನುವಾದಿಸಲು ತೊಡಗಬಾರದು. ಅದರ ಕಟ್ಟಕಡೆಗೆ ಹೋಗಿ ಕ್ರಿಯಾಪದವನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಆ ಕ್ರಿಯೆಯನ್ನು ಮಾಡಿದವರು ಯಾರು, ಏನನ್ನು ಮಾಡಿದರು ಎಂಬ ಮೂರು ಪದಗಳನ್ನು ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಇಟ್ಟರೆ ವಾಕ್ಯದ ಬೆನ್ನೆಲುಬು ಸಿದ್ಧವಾಯಿತು. ಎಲ್ಲಿ, ಯಾವುದರಿಂದ, ಯಾವಾಗ ಎಂಬ ವಿವರಗಳು ಆಮೇಲೆ ಒಂದೊಂದಾಗಿ ಬಾಲದಂತೆ ಬರಲಿ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಏಳೆಂಟು ಪದಗಳು ಸೇರಿಕೊಂಡಿದ್ದರೆ, ಅಲ್ಲಿ ಕನ್ನಡದ ಕಟ್ಟಡವು ಇಂಗ್ಲಿಷಿನ ಬಟ್ಟೆಯನ್ನು ಹೊದ್ದು ಕುಳಿತಿದೆಯೆಂದು ಶಂಕಿಸಬಹುದು.

"ಎ" ಎಂಬುದೂ "ದಿ" ಎಂಬುದೂ ಕನ್ನಡದಲ್ಲಿ ಇಲ್ಲವೇ?

ಕನ್ನಡದಲ್ಲಿ "ಎ", "ದಿ" ಎಂಬ ಪದಗಳಿಲ್ಲ, ಆದುದರಿಂದ ನಮಗೆ ಆ ಭೇದವೇ ತಿಳಿಯದು ಎಂದು ಹೇಳುವುದುಂಟು. ಪದಗಳಿಲ್ಲವೆಂಬುದು ನಿಜ, ಭೇದವಿಲ್ಲವೆಂಬುದು ನಿಜವಲ್ಲ. "ಮೇಜಿನ ಮೇಲೆ ಗಡಿಯಾರ ಇದೆ" ಎಂದು ಯಾವಾಗ ಹೇಳುತ್ತೇವೆ? ಕೇಳುವವನಿಗೆ ಗಡಿಯಾರದ ಸುದ್ದಿಯೇ ಹೊಸತಾಗಿರುವಾಗ. "ಗಡಿಯಾರ ಮೇಜಿನ ಮೇಲೆ ಇದೆ" ಎಂದು ಯಾವಾಗ? ಅವನು ಹುಡುಕುತ್ತಿರುವ ಗೊತ್ತಾದ ಗಡಿಯಾರದ ವಿಷಯದಲ್ಲಿ. ಮೊದಲಿನದು "ದೇರ್ ಈಸ್ ಎ ವಾಚ್ ಆನ್ ದಿ ಟೇಬಲ್". ಎರಡನೆಯದು "ದಿ ವಾಚ್ ಈಸ್ ಆನ್ ದಿ ಟೇಬಲ್". ಇಂಗ್ಲಿಷು ಒಂದು ಪುಟ್ಟ ಪದದಿಂದ ಮಾಡುವ ಕೆಲಸವನ್ನು ಕನ್ನಡವು ಪದಗಳ ಸ್ಥಾನದಿಂದ ಮಾಡುತ್ತದೆ.

ಅಂತೆಯೇ ಆಡುಮಾತಿನಲ್ಲಿ "ಪಟ್ಟಿ ತಂದೆ" ಎಂದರೆ ಯಾವುದೋ ಒಂದು ಪಟ್ಟಿ. "ಪಟ್ಟಿಯನ್ನು ತಂದೆ" ಎಂದರೆ ನಾವು ಮಾತನಾಡುತ್ತಿದ್ದ ಆ ಪಟ್ಟಿ. ನಿರ್ಜೀವ ವಸ್ತುಗಳ ವಿಷಯದಲ್ಲಿ "ಅನ್ನು" ಎಂಬ ಪ್ರತ್ಯಯವು ಬಹುಮಟ್ಟಿಗೆ "ದಿ" ಎಂಬುದರ ಸುಳಿವನ್ನು ಕೊಡುತ್ತದೆ. ಆದರೆ ಈ ಅಳತೆಗೋಲಿಗೆ ಮಿತಿಯಿದೆ. ಮನುಷ್ಯವಾಚಕಗಳಿಗೆ "ಅನ್ನು" ಎಲ್ಲ ಸಂದರ್ಭದಲ್ಲಿಯೂ ಬೇಕು. ಗ್ರಾಂಥಿಕ ಭಾಷೆಯಲ್ಲಿ ಅದನ್ನು ಎಲ್ಲೆಡೆಯೂ ಹಚ್ಚುವ ರೂಢಿಯಿದೆ. ಆದ್ದರಿಂದ ಇದನ್ನು ಪುಸ್ತಕದ ಕನ್ನಡದ ಮೇಲೆ ಪ್ರಯೋಗಿಸದೆ, ಮನೆಯ ಮಾತಿನ ಮೇಲೆ ಪ್ರಯೋಗಿಸಬೇಕು. ವರದಿಯಲ್ಲಿ ಗುಂಡು ಮೊದಲ ಬಾರಿಗೆ ಬಂದಾಗ "ಎ ಬಾಬ್". ಓದುವವನಿಗೆ ಅದರ ಪರಿಚಯವಾದ ಮೇಲೆ "ದಿ ಬಾಬ್". ನಮ್ಮ ವಿದ್ಯಾರ್ಥಿಯು ಮೊದಲ ವಾಕ್ಯದಲ್ಲಿಯೇ "ದಿ ಬಾಬ್" ಎಂದು ಬರೆದದ್ದರಿಂದ ಓದುವವನು "ಯಾವ ಗುಂಡು?" ಎಂದು ಹಿಂದಿನ ಪುಟವನ್ನು ಹುಡುಕಬೇಕಾಯಿತು.

ನಿಯಮಕ್ಕೆ ಯಾವ ಕಾಲ?

ಫಲಿತಾಂಶವನ್ನು ಹೇಳುವಾಗ ಆತನು ಹೀಗೆ ಬರೆದಿದ್ದನು: "ಆಸ್ ಮಚ್ ಲೆಂಗ್ತ್ ಈಸ್ ಇನ್‌ಕ್ರೀಸಿಂಗ್, ದಟ್ ಮಚ್ ಪೀರಿಯಡ್ ಈಸ್ ಇನ್‌ಕ್ರೀಸಿಂಗ್." ಕನ್ನಡದಲ್ಲಿ "ಉದ್ದ ಹೆಚ್ಚಿದಷ್ಟೂ ಆವರ್ತಕಾಲ ಹೆಚ್ಚುತ್ತದೆ" ಎಂಬುದು ಸಹಜವಾದ ಮಾತು. ಇಂಗ್ಲಿಷಿಗೆ ಬಂದಾಗ ಇದರಲ್ಲಿ ಎರಡು ದೋಷಗಳು ಹುಟ್ಟಿದವು.

ಮೊದಲನೆಯದು, "ಈಸ್ ಇನ್‌ಕ್ರೀಸಿಂಗ್" ಎಂದರೆ ಈಗ ಕಣ್ಣೆದುರಿಗೆ ಹೆಚ್ಚುತ್ತಿದೆ ಎಂದರ್ಥ. ಪ್ರಕೃತಿ ನಿಯಮವು ಇಂದಿನ ಘಟನೆಯಲ್ಲ, ಎಂದೆಂದಿಗೂ ಇರುವಂಥದು. ಅದಕ್ಕೆ "ಇನ್‌ಕ್ರೀಸಸ್" ಎಂಬ ಸರಳ ರೂಪವೇ ತಕ್ಕದ್ದು. "ಅವಲಂಬಿಸಿರುತ್ತದೆ" ಎಂಬುದರಲ್ಲಿ "ಇರು" ಧಾತುವು ಸೇರಿರುವುದರಿಂದ ನಮ್ಮವರು "ಈಸ್ ಡಿಪೆಂಡಿಂಗ್" ಎಂದು ಬರೆಯುವುದುಂಟು. ಅದು "ಡಿಪೆಂಡ್ಸ್" ಆಗಬೇಕು. "ಹೆಚ್ಚುತ್ತದೆ" ಎಂಬುದಕ್ಕೂ "ಹೆಚ್ಚುತ್ತಿದೆ" ಎಂಬುದಕ್ಕೂ ಇರುವ ಭೇದವನ್ನು ನೆನೆದರೆ ಸಾಕು, ತಪ್ಪು ತಾನಾಗಿಯೇ ಕಾಣುವುದು.

ಎರಡನೆಯದು ಇನ್ನೂ ಗುರುತರವಾದದ್ದು. "ಆಸ್ ಮಚ್... ದಟ್ ಮಚ್" ಎಂದಾಗ ಎಷ್ಟು ಪಾಲು ಉದ್ದವೋ ಅಷ್ಟೇ ಪಾಲು ಕಾಲವೆಂಬ ಅರ್ಥವು ಬಂದುಬಿಡುತ್ತದೆ. ಇದು ಭೌತವಿಜ್ಞಾನಕ್ಕೇ ವಿರುದ್ಧ. ಆತನ ಅಳತೆಗಳನ್ನೇ ನೋಡಿ. ಉದ್ದವು 100 ಸೆಂಟಿಮೀಟರ್ ಇದ್ದಾಗ ಇಪ್ಪತ್ತು ಆಂದೋಲನಗಳಿಗೆ 40.2 ಸೆಕೆಂಡು, 25 ಸೆಂಟಿಮೀಟರ್ ಇದ್ದಾಗ 20.1 ಸೆಕೆಂಡು. ಉದ್ದವು ನಾಲ್ಕನೆಯ ಒಂದು ಪಾಲಾದರೆ ಕಾಲವು ಅರ್ಧವಾಗಿದೆ. T² = 4π²l/g ಎಂಬ ಸೂತ್ರವು ಹೇಳುವುದೂ ಇದನ್ನೇ. ಕನ್ನಡದ "ಅಷ್ಟೂ" ಎಂಬುದು ಹೆಚ್ಚುವ ದಿಕ್ಕನ್ನಷ್ಟೇ ಹೇಳುವ ಸಡಿಲವಾದ ಮಾತು, ಲೆಕ್ಕದ ಮಾತಲ್ಲ. ಇಂಗ್ಲಿಷಿನಲ್ಲಿ "ದಿ ಪೀರಿಯಡ್ ಈಸ್ ಪ್ರೊಪೋರ್ಷನಲ್ ಟು ದಿ ಸ್ಕ್ವೇರ್ ರೂಟ್ ಆಫ್ ದಿ ಲೆಂಗ್ತ್" ಎಂದು ಬರೆದರೆ ನಿಯಮವೂ ಉಳಿಯಿತು, ಭಾಷೆಯೂ ಉಳಿಯಿತು.

ತಿದ್ದಿದ ವರದಿ

ಈಗ ಆ ವಿದ್ಯಾರ್ಥಿಯೊಡನೆ ಕುಳಿತು ನಾವು ತಿದ್ದಿದ ರೂಪವನ್ನು ನೋಡಿರಿ:

"ವೀ ಟೈಡ್ ಎ ಬ್ರಾಸ್ ಬಾಬ್ ಟು ಎ ಥ್ರೆಡ್ ಅಂಡ್ ಹಂಗ್ ದಿ ಥ್ರೆಡ್ ಫ್ರಮ್ ಎ ಕ್ಲ್ಯಾಂಪ್. ವೆನ್ ದಿ ಬಾಬ್ ಹ್ಯಾಡ್ ಕಮ್ ಟು ರೆಸ್ಟ್, ವೀ ಮೆಷರ್ಡ್ ದಿ ಲೆಂಗ್ತ್ ಫ್ರಮ್ ದಿ ಕ್ಲ್ಯಾಂಪ್ ಟು ದಿ ಸೆಂಟರ್ ಆಫ್ ದಿ ಬಾಬ್ ವಿತ್ ಎ ಮೀಟರ್ ಸ್ಕೇಲ್. ವೀ ಪುಲ್ಡ್ ದಿ ಬಾಬ್ ಸ್ಲೈಟ್ಲಿ ಟು ಒನ್ ಸೈಡ್, ರಿಲೀಸ್ಡ್ ಇಟ್, ಅಂಡ್ ನೋಟೆಡ್ ದಿ ಟೈಮ್ ಫಾರ್ ಟ್ವೆಂಟಿ ಆಸಿಲೇಷನ್ಸ್."

ಒಂದು ವಾಕ್ಯವಿದ್ದದ್ದು ಮೂರಾಯಿತು. ಮೊದಲನೆಯದರಲ್ಲಿ "ಎ ಥ್ರೆಡ್" ಎಂದು ಬಂದ ದಾರವು ಮರುಕ್ಷಣವೇ "ದಿ ಥ್ರೆಡ್" ಆಯಿತು. "ವೆನ್" ಎಂಬ ಪದವು ಕಟ್ಟಿದ ಮೇಲೆಯೇ ಅಳೆದೆವೆಂಬ ಮುಖ್ಯ ಸಂಗತಿಯನ್ನು ಉಳಿಸಿಕೊಂಡಿತು. ಕೊನೆಯ ವಾಕ್ಯದಲ್ಲಿ ಎಳೆದು, ಬಿಟ್ಟು, ಗುರುತಿಸಿದ ಮೂರು ಕೆಲಸಗಳೂ ಭೂತಕಾಲದ ಪೂರ್ಣ ಕ್ರಿಯಾಪದಗಳಾಗಿ ಒಬ್ಬನೇ ಕರ್ತೃವಿನ ಕೆಳಗೆ ನಿಂತವು. ಆತನ ಪ್ರಯೋಗಕ್ಕೆ ನಾವು ಏನನ್ನೂ ಸೇರಿಸಲಿಲ್ಲ. ಆತನು ಮಾಡಿದ್ದನ್ನೇ ಕಾಣುವಂತೆ ಮಾಡಿದೆವು. 100 ಸೆಂಟಿಮೀಟರ್ ಉದ್ದಕ್ಕೆ ಆವರ್ತಕಾಲವು 2.01 ಸೆಕೆಂಡು, ಸೂತ್ರದಲ್ಲಿ ಇಟ್ಟಾಗ ಸೆಕೆಂಡಿನ ವರ್ಗಕ್ಕೆ 977 ಸೆಂಟಿಮೀಟರ್ ಬಂದಿತು. ಕೈಗಡಿಯಾರದಿಂದ ಕಾಲೇಜಿನಲ್ಲಿ ಮಾಡುವ ಪ್ರಯೋಗಕ್ಕೆ ಇದು ಒಳ್ಳೆಯ ಬೆಲೆಯೇ.

ಕನ್ನಡವನ್ನು ಮರೆಯಬೇಕೆ?

ಇಷ್ಟನ್ನು ಓದಿ, ಹಾಗಾದರೆ ಇಂಗ್ಲಿಷಿನಲ್ಲಿಯೇ ಆಲೋಚಿಸಬೇಕೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಮೇಲೆ ಹೇಳಿದ ಪ್ರತಿಯೊಂದು ತಪ್ಪನ್ನೂ ಹಿಡಿದುಕೊಟ್ಟದ್ದು ಕನ್ನಡದ ಅರಿವೇ ಎಂಬುದನ್ನು ನೆನಪಿಡಿ. ಬೇಡವಾದದ್ದು ಕನ್ನಡದ ಆಲೋಚನೆಯಲ್ಲ; ಕನ್ನಡ ವಾಕ್ಯವನ್ನು ಪೂರ್ತಿಯಾಗಿ ಕಟ್ಟಿ, ಅದನ್ನು ಎದುರಿಗಿಟ್ಟುಕೊಂಡು ಪದಪದವಾಗಿ ನಕಲುಮಾಡುವ ಅಭ್ಯಾಸ. ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳಿಕೊಡುವುದು ಹೀಗೆ: ಪ್ರಯೋಗವನ್ನು ಕನ್ನಡದಲ್ಲಿಯೇ ಚರ್ಚಿಸಿ ಅರ್ಥಮಾಡಿಕೊಳ್ಳಿ. ಆಮೇಲೆ ವಾಕ್ಯಗಳನ್ನು ಬರೆಯದೆ, ಉಪಕರಣದ ಚಿತ್ರವನ್ನೂ ಮಾಡಿದ ಕೆಲಸಗಳನ್ನೂ ಒಂದು, ಎರಡು ಎಂದು ಸಂಖ್ಯೆಯಿಟ್ಟು ಗುರುತುಮಾಡಿಕೊಳ್ಳಿ. ಇಂಗ್ಲಿಷ್ ವಾಕ್ಯಗಳನ್ನು ಆ ಚಿತ್ರವನ್ನೂ ಸಂಖ್ಯೆಗಳನ್ನೂ ನೋಡಿ ಬರೆಯಿರಿ. ಎದುರಿಗೆ ಕನ್ನಡ ವಾಕ್ಯವೇ ಇಲ್ಲದಿದ್ದರೆ ಅದನ್ನು ನಕಲುಮಾಡುವ ಅಪಾಯವು ಕಡಿಮೆ.

ಬರೆದು ಮುಗಿದ ಮೇಲೆ ಒಂದು ಪರೀಕ್ಷೆಯುಂಟು. ನಿಮ್ಮ ಇಂಗ್ಲಿಷ್ ವಾಕ್ಯವನ್ನು, ಪದಗಳ ಕ್ರಮವನ್ನು ಕದಲಿಸದೆ, ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಿರುಗಿಸಿ ಓದಿ. ಅದು ಸೊಗಸಾದ ಕನ್ನಡವಾಗಿ ಕೇಳಿಸಿದರೆ ಸಂದೇಹಪಡಿ. ಅದು ತಲೆಕೆಳಗಾಗಿ ಕೇಳಿಸಿದರೆ ಬಹುಶಃ ನಿಮ್ಮ ಇಂಗ್ಲಿಷು ಸರಿಯಾಗಿದೆ. "ವೀ ಹ್ಯಾವ್ ಟೂ ಕ್ಲಾಕ್ಸ್" ಎಂಬಂತಹ ಗಿಡ್ಡ ವಾಕ್ಯಗಳಿಗೆ ಈ ಪರೀಕ್ಷೆಯು ಹೆಚ್ಚು ಸಹಾಯಕವಲ್ಲ. ಹತ್ತು ಪದಗಳನ್ನು ಮೀರಿದ ವಾಕ್ಯಗಳಿಗೆ ಚೆನ್ನಾಗಿ ಒದಗುತ್ತದೆ. ಕಾಗುಣಿತದ ತಪ್ಪು, ಏಕವಚನ ಬಹುವಚನಗಳ ತಪ್ಪು ಮುಂತಾದವು ಇಂಗ್ಲಿಷ್ ಮಾತೃಭಾಷೆಯವರಿಂದಲೂ ಆಗುವಂಥವು. ಅವನ್ನು ಈ ಪರೀಕ್ಷೆಯು ಹಿಡಿಯಲಾರದು.

ನಕಲಿನ ಕೇಡು ಒಂದೇ ದಿಕ್ಕಿನದಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ "ಇದು ಆವರ್ತಕಾಲವೆಂದು ಕರೆಯಲ್ಪಡುತ್ತದೆ" ಎಂಬ ವಾಕ್ಯಗಳು ಕಿಕ್ಕಿರಿದಿವೆ. "ಇದನ್ನು ಆವರ್ತಕಾಲವೆನ್ನುತ್ತಾರೆ" ಎಂದು ಹೇಳಬಲ್ಲ ಕನ್ನಡಿಗನು ಇಂಗ್ಲಿಷಿನ ಕರ್ಮಣಿಯನ್ನು ಎದುರಿಗಿಟ್ಟುಕೊಂಡು ಬರೆದಾಗ ಹುಟ್ಟಿದವು ಅವು. ಇವೆರಡು ಕೇಡುಗಳಿಂದಲೂ ದೂರವಿದ್ದವರು ನಮ್ಮಲ್ಲಿ ಇದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ತಮ್ಮ ಸಂಶೋಧನ ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅವರ ಕನ್ನಡ ಕೃತಿ "ಹಸುರು ಹೊನ್ನು" 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆ ಕೃತಿಯನ್ನು ಓದಿದವರಾರೂ ಅದು ಇಂಗ್ಲಿಷಿನಿಂದ ಇಳಿದುಬಂದದ್ದೆಂದು ಹೇಳಲಾರರು.

ಅಭ್ಯಾಸ

ಈ ಮೂರು ವಾಕ್ಯಗಳನ್ನು ವಾಚಕರು ತಾವೇ ತಿದ್ದಿ, ಆಮೇಲೆ ನಮ್ಮ ಉತ್ತರಗಳೊಡನೆ ಹೋಲಿಸಿ ನೋಡಬಹುದು.

1. "ದಿ ಬೀಕರ್ ವಿಚ್ ವೀ ಪೋರ್ಡ್ ದಿ ವಾಟರ್ ವಾಸ್ ಹಾಟ್."
2. "ಹೀಟಿಂಗ್ ದಿ ವಾಟರ್, ದಿ ಥರ್ಮಾಮೀಟರ್ ವಾಸ್ ರೆಡ್."
3. "ದಿ ರೆಸಿಸ್ಟೆನ್ಸ್ ಈಸ್ ಡಿಪೆಂಡಿಂಗ್ ಆನ್ ದಿ ಲೆಂಗ್ತ್ ಆಫ್ ದಿ ವೈರ್."

ಮೊದಲನೆಯದರಲ್ಲಿ "ನೀರು ಸುರಿದ ಪಾತ್ರೆ" ಎಂಬುದನ್ನು ಬಿಡಿಸಿ ನೋಡಿ. ಪಾತ್ರೆಯೊಳಕ್ಕೆ ಸುರಿದೆವೋ, ಪಾತ್ರೆಯಿಂದ ಸುರಿದೆವೋ? ಕನ್ನಡವು ಹೇಳುವುದಿಲ್ಲ. ಒಳಕ್ಕಾದರೆ "ಇಂಟು ವಿಚ್", ಹೊರಕ್ಕಾದರೆ "ಫ್ರಮ್ ವಿಚ್". ಯಾವುದೆಂಬುದನ್ನು ಪ್ರಯೋಗ ಮಾಡಿದವನೇ ಬಲ್ಲನು. ಎರಡನೆಯದರಲ್ಲಿ ನೀರನ್ನು ಕಾಯಿಸಿದ್ದು ಉಷ್ಣಮಾಪಕವೆಂದಾಗಿದೆ. "ವೀ ಹೀಟೆಡ್ ದಿ ವಾಟರ್ ಅಂಡ್ ದೆನ್ ರೆಡ್ ದಿ ಥರ್ಮಾಮೀಟರ್" ಎನ್ನಬೇಕು. ಕಾಯಿಸುತ್ತಲೇ ಓದಿದ್ದಾದರೆ "ದೆನ್" ಎಂಬುದನ್ನು ಬಿಟ್ಟು "ವೈಲ್ ವೀ ಹೀಟೆಡ್ ದಿ ವಾಟರ್, ವೀ ರೆಡ್ ದಿ ಥರ್ಮಾಮೀಟರ್" ಎಂದು ಬರೆಯಬೇಕು. ಮೂರನೆಯದಕ್ಕೆ "ಡಿಪೆಂಡ್ಸ್" ಎಂಬ ಒಂದು ಪದವೇ ಸಾಕು. ತಂತಿಯು ಇಂದು ಮಾತ್ರವಲ್ಲ, ನಾಳೆಯೂ ಹಾಗೆಯೇ ನಡೆದುಕೊಳ್ಳುವುದಷ್ಟೆ.